ಗಾರೆ ಬೀಳೋ ಮುಂಚೆ ಸೈಟಿಗೆ ಹೋದ್ರೆ ಏನು ನೋಡಬೇಕು? ಒಂದೇ ಗಂಟೆ ಸಮಯ ಇದೆ

ಸುಧಾ_ಎಚ್

ನಾವು ಬುಕ್ ಮಾಡಿರೋ ಫ್ಲ್ಯಾಟು 7ನೇ ಮಹಡಿಯಲ್ಲಿದೆ. ಎರಡು ರೂಮು, ಎರಡು ಬಾತ್‌ರೂಮು. ಒಟ್ಟು 12 ಮಹಡಿ, ಸ್ಲ್ಯಾಬ್‌ಗಳೆಲ್ಲ ಮುಗಿದಿವೆ. ಈಗ "ಬ್ಲಾಕ್ ಕೆಲಸ ಪೂರ್ಣ" ಅಂತ ಹೇಳಿ ಮುಂದಿನ ಕಂತು ಕಟ್ಟೋಕೆ ಪತ್ರ ಬಂದಿದೆ. ಇದಾದ ಮೇಲೆ ಪ್ಲಾಸ್ಟರಿಂಗ್ ಶುರುವಂತೆ. ಶನಿವಾರ ಬೆಳಿಗ್ಗೆ ಒಂದು ಗಂಟೆ ಒಳಗೆ ಬಿಡ್ತಾರೆ, ಸೈಟ್ ಎಂಜಿನಿಯರ್ ಜೊತೆಗಿರ್ತಾರೆ. ಟೇಪು, ಟಾರ್ಚು ಇದೆ. ನಾನು ಎಂಜಿನಿಯರ್ ಅಲ್ಲ. ಆ ಒಂದು ಗಂಟೆಯಲ್ಲಿ ಯಾವುದಕ್ಕೆ ಕಣ್ಣು ಕೊಡಬೇಕು, ಯಾವುದನ್ನು ಬಿಡಬಹುದು ಅಂತ ತಿಳಿದವರು ಹೇಳಿ.

ಬಸವರಾಜ್ ಕೆ

ಮೇಡಂ, ಮೊದಲು ಬ್ಲಾಕುಗಳನ್ನ ಚೆನ್ನಾಗಿ ನೀರಲ್ಲಿ ನೆನೆಸಿ ಕಟ್ಟಿದಾರಾ ಕೇಳಿ. ಒಣ ಬ್ಲಾಕು ಸಿಮೆಂಟಿನ ನೀರನ್ನೆಲ್ಲ ಹೀರಿಬಿಡುತ್ತೆ, ಗೋಡೆಗೆ ಬಲ ಬರಲ್ಲ. ಗೋಡೆಗೆ ದಿನಾ ಎರಡು ಹೊತ್ತು ನೀರು ಹಾಕಿರಬೇಕು. ಆಮೇಲೆ ಒಂದು ಸುತ್ತಿಗೆ ತಗೊಂಡು ಹೋಗಿ, ಪಿಲ್ಲರ್ ಮೇಲೆ ಬಡಿದು ನೋಡಿ. ಟಣ್ ಅಂದ್ರೆ ಒಳ್ಳೇದು, ಡಬ್ ಅಂದ್ರೆ ಅಲ್ಲಿ ಟೊಳ್ಳು.

ತೂಗುಗುಂಡು

ಸುಧಾ ಅವರೇ, ಒಂದು ಗಂಟೆ ಸಾಕು. ಆದರೆ ರೂಮಿನ ಅಳತೆ ಹಿಡಿಯುತ್ತಾ ಕೂತರೆ ಸಾಲುವುದಿಲ್ಲ. ರೂಮು ಗಾರೆ ಆದಮೇಲೂ ಅಲ್ಲೇ ಇರುತ್ತೆ, ಆಗಲೂ ಅಳೆಯಬಹುದು. ಮುಂದಿನ ಕೆಲಸ ಯಾವುದನ್ನು ಮುಚ್ಚಿಹಾಕುತ್ತೋ ಅದನ್ನು ಮಾತ್ರ ಈಗ ನೋಡಿ. ನಿಮ್ಮ ಹಂತದಲ್ಲಿ ಮುಚ್ಚಿಹೋಗುವುದು ನಾಲ್ಕು: ಕಾಂಕ್ರೀಟಿನ ಮೈ, ಬ್ಲಾಕು ಮತ್ತು ಕಾಂಕ್ರೀಟು ಕೂಡುವ ಜಾಗ, ಗೋಡೆಯಲ್ಲಿ ಕೊರೆದ ಕರೆಂಟ್ ಪೈಪಿನ ದಾರಿ, ಪೈಪು ಹಾಯಿಸಲು ಸುತ್ತಲಿನ ನೆಲಕ್ಕಿಂತ ಕೆಳಗಿಳಿಸಿ ಹಾಕಿದ ಬಾತ್‌ರೂಮಿನ ತಗ್ಗು ಸ್ಲ್ಯಾಬು. ಗಾರೆ ಬಿದ್ದ ಮೇಲೆ ಈ ನಾಲ್ಕನ್ನೂ ಒಡೆಯದೆ ನೋಡಲು ಆಗಲ್ಲ.

ಬಸವರಾಜ್ ಅವರು ಸುತ್ತಿಗೆ ವಿಷಯ ಹೇಳಿದ್ದು ಸರಿ. ಆದರೆ ನೆನೆಸುವ ಮಾತು ಸುಟ್ಟ ಇಟ್ಟಿಗೆಗೆ ಸರಿ, ಬ್ಲಾಕಿಗೆ ತಪ್ಪು. ಕಾಂಕ್ರೀಟ್ ಬ್ಲಾಕು ನೀರು ಕುಡಿದು ಹಿಗ್ಗುತ್ತೆ, ಗೋಡೆಯಾದ ಮೇಲೆ ಒಣಗಿ ಕುಗ್ಗುತ್ತೆ. ಆ ಕುಗ್ಗುವಿಕೆಯೇ ಆಮೇಲೆ ಗಾರೆ ಮೇಲೆ ಕೂದಲೆಳೆ ಬಿರುಕಾಗಿ ಕಾಣುವುದು. ಹಗುರವಾದ ಬಿಳಿ ಎಎಸಿ ಬ್ಲಾಕಿಗಂತೂ ಇದು ಇನ್ನೂ ಹೆಚ್ಚು. ಕಟ್ಟುವ ಮುಂಚೆ ಮೈಯನ್ನು ಸ್ವಲ್ಪ ಒದ್ದೆ ಮಾಡಿದರೆ ಸಾಕು, ಮುಳುಗಿಸಬಾರದು. ಮಳೆಯಲ್ಲಿ ನೆನೆದ ರಾಶಿಯಿಂದ ಎತ್ತಿ ನೇರವಾಗಿ ಕಟ್ಟುತ್ತಿದ್ದರೆ ಅದನ್ನೇ ಪ್ರಶ್ನೆ ಮಾಡಿ. ಸಿಮೆಂಟ್ ಕಲಸಿನಲ್ಲಿ ಕಟ್ಟಿದ ಗೋಡೆಗೆ ಒಂದು ವಾರ ನೀರು ಬೇಕು, ಅದು ನಿಜ. ಎಎಸಿಗೆ ಅಂಟು ಗಾರೆ ಹಾಕಿ 2–3 ಮಿ.ಮೀ. ಸಂದಿಯಲ್ಲಿ ಕಟ್ಟಿದ್ದರೆ ಆ ನೀರೂ ಬೇಡ.

ಇನ್ನು ಕಾಂಕ್ರೀಟು. ನಿಮ್ಮ ಫ್ಲ್ಯಾಟಿನ ಪಿಲ್ಲರ್ ನೋಡುವ ಮುಂಚೆ ನೆಲಮಾಳಿಗೆ ಅಥವಾ ಪಾರ್ಕಿಂಗ್ ಪಿಲ್ಲರುಗಳ ಬುಡ ನೋಡಿ. ಹನ್ನೆರಡು ಮಹಡಿಯ ಭಾರ ಇಳಿಯುವುದು ಅಲ್ಲಿಗೆ. 7ನೇ ಮಹಡಿಯಲ್ಲಿ ಅದರ ಅರ್ಧಕ್ಕಿಂತ ಕಡಿಮೆ. ಕೊಳ್ಳುವವರು ತಮ್ಮ ನಾಲ್ಕು ಗೋಡೆ ನೋಡಿಕೊಂಡು ಲಿಫ್ಟ್ ಹತ್ತಿ ಇಳಿದುಬಿಡುತ್ತಾರೆ, ಕೆಳಗಿನ ಪಿಲ್ಲರನ್ನು ಯಾರೂ ಕೇಳುವುದಿಲ್ಲ.

ಬುಡದಲ್ಲೇ ಯಾಕೆ ಕೆಡುತ್ತೆ ಅಂದರೆ, ಕಾಂಕ್ರೀಟನ್ನು ಮೇಲಿಂದ ಸುರಿದಾಗ ಜಲ್ಲಿ ಮೊದಲು ಕೆಳಗೆ ಬೀಳುತ್ತೆ, ಅದರ ಜೊತೆಗಿನ ಸಿಮೆಂಟು ಮರಳಿನ ಗಾರೆ ಹಿಂದೆ ಉಳಿಯುತ್ತೆ. ಸೆಂಟ್ರಿಂಗ್ ಹಲಗೆಯ ಬುಡದಲ್ಲಿ ಸಂದಿ ಇದ್ದರೆ ಸಿಮೆಂಟ್ ಹಾಲು ಅಲ್ಲಿಂದ ಸೋರಿಹೋಗುತ್ತೆ. ಕಂಬಿ ಒತ್ತೊತ್ತಾಗಿದ್ದು ವೈಬ್ರೇಟರ್ ಕೆಳಗಿನವರೆಗೆ ಇಳಿಸದೇ ಇದ್ದರೆ ಜಲ್ಲಿ ನಡುವೆ ಗಾರೆ ತುಂಬುವುದೇ ಇಲ್ಲ. ಹಲಗೆ ಬಿಚ್ಚಿದಾಗ ಕಡಲೆಮಿಠಾಯಿ ಹಾಗೆ ಜಲ್ಲಿ ಕಾಣುತ್ತೆ. ಅದೇ ಹನಿಕೂಂಬ್.

ಅದನ್ನು ಹಾಗೇ ಬಿಟ್ಟಿರುವುದನ್ನು ನೀವು ನೋಡುವ ಸಾಧ್ಯತೆ ಕಡಿಮೆ. ಕಾಣುವುದು ತೇಪೆ. ಪಿಲ್ಲರಿನ ಉಳಿದ ಮೈ ನುಣ್ಣಗೆ ಬೂದಿಬಣ್ಣ, ಹಲಗೆಯ ಗುರುತು ಇರುತ್ತೆ. ಬುಡದಿಂದ ಒಂದಡಿ ಮಾತ್ರ ಕಪ್ಪಾಗಿಯೋ ಬೆಳ್ಳಗೋ, ಕರಣೆಯಲ್ಲಿ ಎಳೆದ ಗೆರೆಗಳಿರುತ್ತವೆ. ಮನೆ ಕೀಲಿಯನ್ನು ಅದರ ಅಂಚಿಗೆ ಒತ್ತಿ ಎಳೆಯಿರಿ. ಸರಿಯಾದ ರಿಪೇರಿ ಗಾರೆ ಕೀಲಿಗೆ ಜಗ್ಗುವುದಿಲ್ಲ, ಬೆಳ್ಳನೆ ಗೀಟು ಬೀಳುತ್ತೆ ಅಷ್ಟೇ. ಬರೀ ಸಿಮೆಂಟ್ ಹಾಲು ಬಳಿದಿದ್ದರೆ ಚಕ್ಕೆ ಚಕ್ಕೆಯಾಗಿ ಏಳುತ್ತೆ, ಹಿಂದೆ ಜಲ್ಲಿ ಕಾಣುತ್ತೆ.

ಮೇಲ್ಮೈಯಲ್ಲಿ ಸ್ವಲ್ಪ ಜಲ್ಲಿ ಕಂಡರೆ ದೊಡ್ಡ ವಿಷಯವಲ್ಲ. ಸಡಿಲವಾದದ್ದನ್ನು ಕೆತ್ತಿ ತೆಗೆದು, ತೊಳೆದು, ಪಾಲಿಮರ್ ಬೆರೆಸಿದ ಗಾರೆ ತುಂಬಿದರೆ ಆಯಿತು. ಕಂಬಿ ಕಂಡಿದ್ದರೆ, ಅಥವಾ ತೂತು ಕಂಬಿಯ ಹಿಂದಕ್ಕೂ ಹೋಗಿದ್ದರೆ ಅದು ಮೇಸ್ತ್ರಿ ತೀರ್ಮಾನ ಮಾಡುವ ವಿಷಯ ಅಲ್ಲ. ಸ್ಟ್ರಕ್ಚರಲ್ ಎಂಜಿನಿಯರ್ ನೋಡಿ, ಯಾವ ಸಾಮಗ್ರಿ, ಯಾವ ಕ್ರಮ ಅಂತ ಬರೆದುಕೊಟ್ಟು ಮಾಡಿಸಬೇಕು. ಆ ಕಾಗದ ಇದೆಯೇ ಅಂತ ಕೇಳಿ.

ಮೇಲೆ ಹೋದಮೇಲೆ ಟಾರ್ಚನ್ನು ಸ್ಲ್ಯಾಬಿನ ಕೆಳಮೈಗೆ ಓರೆಯಾಗಿ ಹಿಡಿಯಿರಿ. ಕಂಬಿಯ ಗೆರೆಗಳು ಚೌಕಚೌಕವಾಗಿ ಮೂಡಿದ್ದರೆ, ಇಲ್ಲವೇ ತುಕ್ಕಿನ ನೇರ ಗೆರೆ ಇದ್ದರೆ ಕಂಬಿಯನ್ನು ಹಲಗೆಯಿಂದ ಎತ್ತಿ ಹಿಡಿಯುವ ಕವರ್ ಬ್ಲಾಕ್ ಇಟ್ಟಿಲ್ಲ ಅಂತ ಅರ್ಥ. ಅಲ್ಲಿ ಕನಿಷ್ಠ 20 ಮಿ.ಮೀ. ಕಾಂಕ್ರೀಟ್ ಇರಬೇಕು. ಇದು ಇವತ್ತಿಗೆ ಏನೂ ಮಾಡಲ್ಲ, ಹತ್ತು ವರ್ಷಕ್ಕೆ ಚಾವಣಿ ಉದುರುತ್ತೆ.

ಗೋಡೆಯ ವಿಷಯ ಇನ್ನೊಂದು ಉತ್ತರದಲ್ಲಿ ಬರೀತೀನಿ.

ರಘು_402

ನಮ್ಮ ಫ್ಲ್ಯಾಟಲ್ಲೂ ಇದೇ ಸಮಸ್ಯೆ. ಟೈಲ್ಸ್ ಎಲ್ಲ ಹಾಕಿ ಆಗಿದೆ, ಹಾಲಲ್ಲಿ ಮೂರು ಟೈಲು ಡಬ್ ಡಬ್ ಅಂತಾವೆ. ಕೊನೇ ಕಂತು ಹಿಡಿದುಕೊಳ್ಳಬಹುದಾ?

ತೂಗುಗುಂಡು

ರಘು ಅವರೇ, ಇಲ್ಲಿ ಕೇಳಿರುವುದು ಗಾರೆಗೂ ಮುಂಚಿನ ಹಂತ, ನಿಮ್ಮದು ಬೇರೆ. ಚಿಕ್ಕದಾಗಿ ಹೇಳುವುದಾದರೆ ನಾಣ್ಯದಲ್ಲಿ ಇಡೀ ಟೈಲನ್ನು ತಟ್ಟಿ ನೋಡಿ. ಒಂದು ಮೂಲೆ ಮಾತ್ರ ಟೊಳ್ಳಾದರೆ ಗುರುತಿಟ್ಟುಕೊಳ್ಳಿ. ನಡುಭಾಗ ಟೊಳ್ಳಾದರೆ ಅಥವಾ ಓಡಾಡುವ ಜಾಗದಲ್ಲಿದ್ದರೆ ಆ ಟೈಲು ತೆಗೆಸಿ ಹಾಕಿಸಿ. ಮೂರು ಟೈಲು ಒಂದು ಬೆಳಗಿನ ಕೆಲಸ. ಕಂತಿನ ವಿಷಯಕ್ಕೆ ಬೇರೆ ಪ್ರಶ್ನೆ ಹಾಕಿ.

ತೂಗುಗುಂಡು

ಗೋಡೆಗೆ ಬರೋಣ. ಮೂರು ಕೆಲಸ ಮಾಡಿ.

ಮೊದಲನೇದು ಗುಂಡು. ತೂಗುಗುಂಡು ಸಿಗದಿದ್ದರೆ ದಾರಕ್ಕೆ ಭಾರದ ನಟ್ಟು ಕಟ್ಟಿದರೂ ನಡೆಯುತ್ತೆ. ಗೋಡೆಯ ಮೇಲ್ತುದಿಯಲ್ಲಿ 50 ಮಿ.ಮೀ. ಮುಂದಕ್ಕೆ ಬರುವಂತೆ ಕಡ್ಡಿ ಹಿಡಿದು ದಾರ ಬಿಡಿ. ಆಡುವುದು ನಿಂತಮೇಲೆ ಬುಡದಲ್ಲಿ ದಾರದಿಂದ ಗೋಡೆಗೆ ಎಷ್ಟು ಅಂತ ಅಳೆಯಿರಿ. ಅಲ್ಲೂ 50 ಬಂದರೆ ಗೋಡೆ ನೆಟ್ಟಗಿದೆ. ಮೂರು ಮೀಟರ್ ಎತ್ತರಕ್ಕೆ 6 ಮಿ.ಮೀ. ಒಳಗಿದ್ದರೆ ಒಳ್ಳೆಯ ಕೆಲಸ. 10 ದಾಟಿದರೆ ಕೇಳಲೇಬೇಕು. ಕಾರಣ ಏನು ಅಂದರೆ, ಗೋಡೆ ಓರೆ ಇದ್ದರೂ ಗಾರೆಯವನು ಮೈಯನ್ನು ನೆಟ್ಟಗೇ ಮಾಡಿಕೊಡುತ್ತಾನೆ. ಓರೆಯಷ್ಟೂ ಗಾರೆಯ ದಪ್ಪಕ್ಕೆ ಹೋಗುತ್ತೆ. ಒಳಗೋಡೆಗೆ 12–15 ಮಿ.ಮೀ. ಗಾರೆ ಸಾಕು. ಒಂದೇ ಪದರದಲ್ಲಿ 20 ದಾಟಿ ಹಚ್ಚಿದರೆ ತನ್ನ ಭಾರಕ್ಕೇ ಜಾರುತ್ತೆ, ಒಣಗುವಾಗ ಬಿರಿಯುತ್ತೆ, ಗೋಡೆ ಬಿಟ್ಟು ಟೊಳ್ಳಾಗುತ್ತೆ.

ಎರಡನೇದು ಟಾರ್ಚು. ಒಬ್ಬರು ಗೋಡೆಯ ಆ ಕಡೆ ಬ್ಲಾಕುಗಳ ನಿಂತ ಸಂದಿಗೆ ಟಾರ್ಚನ್ನು ಒತ್ತಿ ಹಿಡಿಯಲಿ, ನೀವು ಈ ಕಡೆ ನಿಲ್ಲಿ. ಅಡ್ಡ ಸಂದಿಗೆ ಎಲ್ಲರೂ ಕಲಸು ಹಾಕುತ್ತಾರೆ, ಹಾಕದೆ ಮೇಲಿನ ವರಸೆ ಕೂರುವುದಿಲ್ಲ. ನಿಂತ ಸಂದಿಗೆ ಮುಖದ ಮೇಲೆ ಮಾತ್ರ ಮೆತ್ತಿ ಒಳಗೆ ಖಾಲಿ ಬಿಡುತ್ತಾರೆ. ಬೆಳಕು ಸೂಜಿಯಷ್ಟು ಬಂದರೂ ಅಲ್ಲಿ ಖಾಲಿ. ಹೊರಗೋಡೆಯಲ್ಲಿ ಇದು ಮುಖ್ಯ, ಮಳೆನೀರು ಅಲ್ಲಿಂದಲೇ ಒಳಗೆ ಬರುವುದು.

ಮೂರನೇದು ಗೋಡೆ ಬೀಮಿಗೆ ಮತ್ತು ಪಿಲ್ಲರಿಗೆ ಕೂಡುವ ಜಾಗ. ಬೀಮಿನ ಕೆಳಗಿನ ಕೊನೇ ಸಂದಿಯನ್ನು ಗೋಡೆ ಕಟ್ಟಿದ ದಿನವೇ ತುಂಬಬಾರದು. ಗೋಡೆ ಕೆಲವು ದಿನದಲ್ಲಿ ಸ್ವಲ್ಪ ಕುಸಿದು ಕೂರುತ್ತೆ. ಮೇಲಿನ ಮಹಡಿಗಳ ಗೋಡೆಯ ಭಾರ ಬಂದಾಗ ಬೀಮು ಕೂಡ ಒಂದಿಷ್ಟು ಬಾಗುತ್ತೆ. ಹಾಗಾಗಿ ಒಂದು ವಾರವಾದರೂ ಕಾದು, ಆದಷ್ಟು ಮೇಲಿನ ಮಹಡಿಯಿಂದ ಕೆಳಕ್ಕೆ ಬರುತ್ತಾ ಗಟ್ಟಿಯಾಗಿ ತುಂಬುವುದು ಸರಿ. ನೀವು ಹೋದಾಗ ಆ ಸಂದಿ ಖಾಲಿ ಇದ್ದರೆ ಗಾಬರಿ ಬೇಡ, ಯಾವಾಗ, ಯಾವುದರಲ್ಲಿ ತುಂಬುತ್ತೀರಿ ಅಂತ ಕೇಳಿ. ಸಿಮೆಂಟ್ ಚೀಲದ ಕಾಗದ, ಬ್ಲಾಕಿನ ಚೂರು ತುರುಕಿ ಮೇಲೆ ಗಾರೆ ಬಳಿದಿದ್ದರೆ ಅದನ್ನು ತೆಗೆಸಬೇಕು.

ಪಿಲ್ಲರ್ ಪಕ್ಕ ನಿಂತ ಸಂದಿಯ ಮೇಲೆ ಗಾರೆಗೆ ಮುಂಚೆ ಜಾಲರಿ ಬರಬೇಕು, ಸಂದಿಯ ಎರಡೂ ಕಡೆ ಕನಿಷ್ಠ 100 ಮಿ.ಮೀ. ಹರಡಿಕೊಂಡಿರಬೇಕು. ಬಿಗಿಯಾಗಿ ಎಳೆದು ಮೊಳೆ ಹೊಡೆದಿರಬೇಕು. ಸಡಿಲ ಜಾಲರಿ ಗಾರೆಯ ಹಿಂದೆ ಗಾಳಿ ಹಿಡಿದುಕೊಳ್ಳುತ್ತೆ, ಅದು ಇಲ್ಲದಿದ್ದರೂ ವಾಸಿ. ಪಿಲ್ಲರಿನ ನುಣುಪು ಮೈಯನ್ನು ಉಳಿಯಿಂದ ಒತ್ತಾಗಿ ಕಚ್ಚು ಹಾಕಿರಬೇಕು, ಇಲ್ಲದಿದ್ದರೆ ಗಾರೆ ಹಿಡಿಯುವುದಿಲ್ಲ.

ಕಿಟಕಿ, ಬಾಗಿಲ ಮೇಲಿನ ಲಿಂಟಲ್ ಎರಡೂ ಕಡೆ ಗೋಡೆಯ ಮೇಲೆ 150 ಮಿ.ಮೀ. ಆದರೂ ಕೂತಿದೆಯೇ ನೋಡಿ. ಅದನ್ನು ನೋಡಲು ಟೇಪು ಬೇಕಿಲ್ಲ, ಅಂಗೈ ಅಗಲವಿಟ್ಟು ಇನ್ನರ್ಧ ಸೇರಿಸಿದರೆ ಅಂದಾಜು ಸಿಗುತ್ತೆ.

ಲತಾ ಶ್ರೀಧರ್

ಕಾಗದದ ಬಗ್ಗೆ ಎರಡು ಮಾತು. ಸುಧಾ, ಒಪ್ಪಂದದ ಕಂತಿನ ಪಟ್ಟಿ ತೆಗೆದು ನೋಡಿ. "ಬ್ಲಾಕ್ ಕೆಲಸ ಪೂರ್ಣ" ಅಂದರೆ ನಿಮ್ಮ ಫ್ಲ್ಯಾಟಿನದೋ, ನಿಮ್ಮ ಮಹಡಿಯದೋ, ಇಡೀ ಟವರಿನದೋ? ಪತ್ರದಲ್ಲಿ ಒಂದು, ಒಪ್ಪಂದದಲ್ಲಿ ಇನ್ನೊಂದು ಇರುವುದುಂಟು. ಬಾಲ್ಕನಿಯ ಅಡ್ಡಗೋಡೆ ಕಟ್ಟೇ ಇಲ್ಲ ಅಂದ್ರೆ ಹಂತವೇ ಮುಗಿದಿಲ್ಲ. ಕಟ್ಟಿದ ಗೋಡೆ ಓರೆ ಇದ್ದರೆ ಅದು ಗುಣಮಟ್ಟದ ದೂರು. ಎರಡನ್ನೂ ಒಂದೇ ಪತ್ರದಲ್ಲಿ ಕಲಸಬೇಡಿ, ಬೇರೆ ಬೇರೆ ಬರೆಯಿರಿ.

ಸಾಲ ಕೊಟ್ಟ ಬ್ಯಾಂಕಿನವರು ಬಂದು ನೋಡಿದ್ದಾರೆ ಅಂತ ಸಮಾಧಾನ ಮಾಡಿಕೊಳ್ಳಬೇಡಿ. ಅವರು ನೋಡುವುದು ಕೆಲಸ ಎಷ್ಟು ಆಗಿದೆ ಅಂತ, ಹೇಗೆ ಆಗಿದೆ ಅಂತಲ್ಲ.

ತೂಗುಗುಂಡು ಅವರಿಗೆ ನನ್ನ ಪ್ರಶ್ನೆ. ಸುರಿಯುವಾಗ ಅಚ್ಚಿನಲ್ಲಿ ತುಂಬಿಟ್ಟ ಕಾಂಕ್ರೀಟನ್ನು ಆಮೇಲೆ ಒತ್ತಿ ಒಡೆದು ನೋಡುವ ಕ್ಯೂಬ್ ಪರೀಕ್ಷೆಯ ವರದಿ ಕೇಳಿ ಅಂತ ಎಲ್ಲರೂ ಹೇಳ್ತಾರೆ. ಅದು ಕೈಗೆ ಬಂದರೆ ನಮ್ಮಂಥವರು ಅದರಲ್ಲಿ ಏನು ಓದಬೇಕು?

ತೂಗುಗುಂಡು

ಲತಾ ಅವರೇ, ಮೂರು ವಿಷಯ ಓದಿ. ಕ್ಯೂಬ್ ಯಾವ ಸ್ಲ್ಯಾಬಿನದು ಅಂತ ಬರೆದಿರಬೇಕು, ಇಲ್ಲದಿದ್ದರೆ ಆ ಕಾಗದ ಎಲ್ಲಿಗೂ ಸೇರಿದ್ದಲ್ಲ. ಹಾಕಿದ ದಿನದಿಂದ ಪರೀಕ್ಷೆಯ ದಿನಕ್ಕೆ 28 ದಿನ ಆಗಿದೆಯೇ ಎಣಿಸಿ. ಆಮೇಲೆ ಲೆಕ್ಕವನ್ನು ನೀವೇ ಮಾಡಿ ನೋಡಿ. ಕ್ಯೂಬಿನ ಒಂದು ಮುಖ 150 × 150 ಮಿ.ಮೀ., ಅಂದರೆ 22,500 ಚದರ ಮಿ.ಮೀ. ಅದು 640 ಕಿಲೋನ್ಯೂಟನ್‌ಗೆ ಒಡೆದಿದ್ದರೆ 6,40,000 ಭಾಗಿಸು 22,500, ಸುಮಾರು 28.4. ಎಂ25 ಅಂದರೆ 28 ದಿನಕ್ಕೆ ಚದರ ಮಿ.ಮೀ.ಗೆ 25 ನ್ಯೂಟನ್ ತಡೆಯಬೇಕಾದ ಕಾಂಕ್ರೀಟು, ಅದಕ್ಕೆ ಇದು ಸರಿ. ಮೂರು ಕ್ಯೂಬಿನ ಅಂಕಿ ಸ್ವಲ್ಪ ಸ್ವಲ್ಪ ಬೇರೆ ಇರಲೇಬೇಕು. ಹತ್ತು ಸ್ಲ್ಯಾಬಿಗೂ ಒಂದೇ ಅಂಕಿ ಇದ್ದರೆ ಪರೀಕ್ಷೆ ನಡೆದಿದೆಯೇ ಅಂತ ಅನುಮಾನ ಪಡಬೇಕು.

ಆದರೆ ಒಂದು ಮಿತಿ ಇದೆ. ಕ್ಯೂಬು ಹೇಳುವುದು ಲಾರಿಯಲ್ಲಿ ಬಂದ ಕಾಂಕ್ರೀಟು ಹೇಗಿತ್ತು ಅಂತ. ಅದನ್ನು ಪಿಲ್ಲರಿಗೆ ಹೇಗೆ ತುಂಬಿದರು ಅಂತ ಹೇಳುವುದಿಲ್ಲ. ಒಳ್ಳೆಯ ಕ್ಯೂಬ್ ವರದಿ, ಬುಡದಲ್ಲಿ ಹನಿಕೂಂಬ್, ಎರಡೂ ಒಂದೇ ಪಿಲ್ಲರಿಗೆ ಇರಬಹುದು. "ವರದಿ ಚೆನ್ನಾಗಿದೆಯಲ್ಲ" ಅನ್ನುವುದು ತೇಪೆಯ ಪ್ರಶ್ನೆಗೆ ಉತ್ತರವಲ್ಲ.

ನೀರುಗಂಟಿ

ಬಾತ್‌ರೂಮಿನ ಬಗ್ಗೆ ನಾನು ಹೇಳ್ತೀನಿ, ನನ್ನ ಕೆಲಸವೇ ಅದು.

ಈ ಹಂತದಲ್ಲಿ ವಾಟರ್‌ಪ್ರೂಫಿಂಗ್ ಆಗಿರಲಿಕ್ಕಿಲ್ಲ. ತಗ್ಗು ಸ್ಲ್ಯಾಬು ಬರಿಮೈಯಲ್ಲಿ ಇರುತ್ತೆ, ಬಹುಪಾಲು ಕಸ ತುಂಬಿಕೊಂಡು. ಕಸ ತೆಗೆಸಿ ನೋಡಿ. ಪೈಪು ಸ್ಲ್ಯಾಬಿನೊಳಗಿಂದ ಕೆಳಗಿಳಿಯುವ ತೂತುಗಳನ್ನು ಎಣಿಸಿ ಫೋಟೋ ತೆಗೆದುಕೊಳ್ಳಿ. ಸೋರುವುದು ಸ್ಲ್ಯಾಬಿನ ನಡುವಿಂದಲ್ಲ, ನೂರಕ್ಕೆ ತೊಂಬತ್ತು ಸಲ ಪೈಪಿನ ಸುತ್ತಲಿಂದ, ಇಲ್ಲ ಗೋಡೆ ಮತ್ತು ಸ್ಲ್ಯಾಬು ಕೂಡುವ ಮೂಲೆಯಿಂದ. ಪೈಪಿನ ಸುತ್ತ ಸಾದಾ ಸಿಮೆಂಟ್ ತುಂಬಿದರೆ ಅದು ಒಣಗಿ ಕುಗ್ಗಿ ಪೈಪಿನಿಂದ ಬಿಡುತ್ತೆ. ಅಲ್ಲಿ ಕುಗ್ಗದ ಗ್ರೌಟ್ ಬೇಕು. ಮೂಲೆಯಲ್ಲಿ 50 ಮಿ.ಮೀ. ಅಗಲಕ್ಕೆ ಗಾರೆಯನ್ನು ಇಳಿಜಾರಾಗಿ ತಿದ್ದಿ ಅದರ ಮೇಲೆ ಕೋಟಿಂಗ್ ಬರಬೇಕು. ನೇರ ಮೂಲೆಗೆ ಬಳಿದ ಕೋಟಿಂಗ್ ಅಲ್ಲೇ ಹರಿಯುತ್ತೆ.

ಕೋಟಿಂಗ್ ಆದಮೇಲೆ ನೀರು ನಿಲ್ಲಿಸಿ ನೋಡುವ ಪರೀಕ್ಷೆಯ ದಿನ ನನಗೆ ತಿಳಿಸಿ ಅಂತ ಈಗಲೇ ಬರೆದುಕೊಡಿ. ಕಂತಿನ ಪತ್ರಕ್ಕೆ ಉತ್ತರ ಕೊಡುವಾಗಲೇ ಇದನ್ನು ಸೇರಿಸಿದರೆ ಅದಕ್ಕೆ ದಾಖಲೆ ಇರುತ್ತೆ.

ಪರೀಕ್ಷೆ ಹೀಗೆ. ಹೊರಹೋಗುವ ಪೈಪಿನ ಬಾಯಿ ಭದ್ರವಾಗಿ ಮುಚ್ಚಿ. ಮೂಲೆಯ ಇಳಿಜಾರು ಮುಳುಗುವ ಹಾಗೆ 80 ಮಿ.ಮೀ. ನೀರು ನಿಲ್ಲಿಸಿ, ಗೋಡೆ ಮೇಲೆ ಪೆನ್ಸಿಲಲ್ಲಿ ಗೆರೆ ಎಳೆಯಿರಿ, ದಿನ ಮತ್ತು ಗಂಟೆ ಬರೆಯಿರಿ. ಪಕ್ಕದಲ್ಲೇ ಅಗಲ ಬಾಯಿಯ ಬಕೆಟ್ಟಿಗೆ ನೀರು ತುಂಬಿ ಅದಕ್ಕೂ ಗೆರೆ ಹಾಕಿ. 48 ಗಂಟೆ ಬಿಡಿ, 72 ಆದರೆ ಇನ್ನೂ ಒಳ್ಳೆಯದು. ಬಕೆಟ್ ಯಾಕೆ ಅಂದರೆ, ನೀರು ಇಳಿದಿದ್ದನ್ನು ತೋರಿಸಿದರೆ "ಆವಿಯಾಗಿದೆ" ಅಂತಾರೆ. ಆವಿಯಾಗುವುದಾದರೆ ಬಕೆಟ್ಟಿನಲ್ಲೂ ಆಗಬೇಕಲ್ಲ.

ಉದಾಹರಣೆಗೆ ಬಾತ್‌ರೂಮಿನಲ್ಲಿ 80 ಇದ್ದದ್ದು 69ಕ್ಕೆ ಬಂತು, ಬಕೆಟ್ಟು 9 ಮಿ.ಮೀ. ಇಳಿಯಿತು ಅಂತಿಟ್ಟುಕೊಳ್ಳಿ. 11ಕ್ಕೂ 9ಕ್ಕೂ ಇರುವ ಅಂತರ ಅಳತೆಯ ತಪ್ಪಿರಬಹುದು, ಕೆಳಗಿನ ಚಾವಣಿ ಒಣಗಿದ್ದರೆ ಪಾಸು. ಅದೇ 80ರಿಂದ 51ಕ್ಕೆ ಬಂದು ಬಕೆಟ್ಟು 9 ಮಾತ್ರ ಇಳಿದಿದ್ದರೆ 20 ಮಿ.ಮೀ. ನೀರು ಎಲ್ಲೋ ಹೋಗಿದೆ. ಮೊದಲು ಪೈಪಿನ ಮುಚ್ಚಳ ನೋಡಿ, ಸುಮ್ಮನೆ ಫೇಲ್ ಆಗುವುದು ಹೆಚ್ಚಾಗಿ ಅದರಿಂದಲೇ. ಮುಚ್ಚಳ ಸರಿ ಇದ್ದರೆ ಕೆಳಗಿನ ಮನೆಗೆ ಹೋಗಿ ಪೈಪಿನ ಕೊರಳು ಮುಟ್ಟಿ ನೋಡಿ.

ಇನ್ನೊಂದು. ಪರೀಕ್ಷೆ ಪಾಸಾದ ಮೇಲೆ ಪ್ಲಂಬರ್ ಬಂದು ಒಂದು ಹೊಸ ತೂತು ಹೊಡೆದರೂ ಆ ಪರೀಕ್ಷೆ ಲೆಕ್ಕಕ್ಕಿಲ್ಲ. ಅದಕ್ಕೇ ಪೈಪು ಕೂರಿಸಿದ ಮೇಲೆ, ತಗ್ಗು ತುಂಬುವ ಮುಂಚೆ ಇನ್ನೊಂದು ಸಲ ಮಾಡಬೇಕು. ಫೋಟೋದಲ್ಲಿ ತೂತು ಎಣಿಸಿ ಇಟ್ಟುಕೊಳ್ಳಿ ಅಂದಿದ್ದು ಇದಕ್ಕೇ.

ತೂಗುಗುಂಡು

ನೀರುಗಂಟಿ ಅವರೇ, 80 ಯಾಕೆ, ತಗ್ಗು ಪೂರ್ತಿ ತುಂಬಿಸಬಾರದೇ? ಆಮೇಲೆ ಅಲ್ಲಿಗೆ ಬರುವ ತುಂಬು ಸಾಮಗ್ರಿ ಸಾಮಾನ್ಯವಾಗಿ ನೀರಿಗಿಂತ ಭಾರ, ಸ್ಲ್ಯಾಬು ಅದಕ್ಕೇ ಲೆಕ್ಕ ಹಾಕಿರುತ್ತೆ. ಪೂರ್ತಿ ತುಂಬಿದರೆ ಗೋಡೆಯ ಮೇಲಿನ ಕೋಟಿಂಗೂ ಪರೀಕ್ಷೆ ಆಗುತ್ತೆ.

ನೀರುಗಂಟಿ

ಭಾರದ ಪ್ರಶ್ನೆ ಅಲ್ಲ ಸರ್. ಬಾಗಿಲ ಕಡೆ ಅಂಚು ತಗ್ಗಿದ್ದರೆ ನೀರು ಪಕ್ಕದ ರೂಮಿಗೆ ಹೋಗುತ್ತೆ, ಕೆಳಗೆ ಇಳಿದದ್ದು ಸೋರಿಕೆಯೋ ಉಕ್ಕಿದ್ದೋ ಗೊತ್ತಾಗಲ್ಲ. ನಾನು 80ರಲ್ಲೇ ಮಾಡೋದು. ಪೂರ್ತಿ ತುಂಬಿಸುವವರೂ ಇದ್ದಾರೆ, ತಪ್ಪು ಅನ್ನಲ್ಲ.

ಸುಧಾ_ಎಚ್

ಎಲ್ಲರಿಗೂ ಧನ್ಯವಾದ. ಹೋಗಿ ನೋಡಿಕೊಂಡು ಬಂದೆ. ಸಿಕ್ಕಿದ್ದು ಇಷ್ಟು:

ಪಾರ್ಕಿಂಗಿನಲ್ಲಿ ಆರು ಪಿಲ್ಲರ್ ನೋಡಿದೆ. ಒಂದರ ಬುಡದಲ್ಲಿ ಸುಮಾರು 300 ಮಿ.ಮೀ. ಎತ್ತರಕ್ಕೆ ಕಪ್ಪು ತೇಪೆ. ಕೀಲಿ ಎಳೆದರೆ ಗೀಟು ಮಾತ್ರ ಬಿತ್ತು, ಚಕ್ಕೆ ಏಳಲಿಲ್ಲ. ಕಾಗದ ಕಳಿಸ್ತೀವಿ ಅಂದಿದಾರೆ.

ಮಲಗುವ ಕೋಣೆಯ ಒಂದು ಗೋಡೆಯಲ್ಲಿ ಗುಂಡು ಬಿಟ್ಟಾಗ ಮೇಲೆ 50, ಬುಡದಲ್ಲಿ 74. ಎರಡು ಸಲ ಅಳೆದೆ. ಉಳಿದ ಗೋಡೆಗಳು 5ರೊಳಗೆ.

ಅದೇ ಕೋಣೆಗೂ ಹಾಲಿಗೂ ನಡುವಿನ ಗೋಡೆ 100 ಮಿ.ಮೀ. ಬ್ಲಾಕಿನದು. ಅದರಲ್ಲಿ ಕರೆಂಟಿನ ಪೈಪಿಗೆ ಅಡ್ಡಡ್ಡಕ್ಕೆ ಕೊರೆದಿದಾರೆ. ಉದ್ದ 1.8 ಮೀಟರ್, ಆಳ 35 ಮಿ.ಮೀ. ಆ ಕಡೆ ಹಾಲಿನ ಸ್ವಿಚ್ ಬಾಕ್ಸು, ಈ ಕಡೆ ಕೋಣೆಯ ಸ್ವಿಚ್ ಬಾಕ್ಸು, ಬೆನ್ನಿಗೆ ಬೆನ್ನು. ನಡುವೆ ಬ್ಲಾಕೇ ಇಲ್ಲ, ತೂತಿನಿಂದ ಹಾಲು ಕಾಣುತ್ತೆ. ಇದು ಸರೀನಾ?

ಬಸವರಾಜ್ ಕೆ

ಮೇಡಂ, ಪೈಪಿಗೆ ಗೋಡೆ ಕೊರೆಯೋದು ಎಲ್ಲಾ ಕಡೆ ಇದ್ದದ್ದೇ. ಆ ಗೋಡೆ ಭಾರ ಹೊರಲ್ಲ, ಭಾರ ಎಲ್ಲ ಪಿಲ್ಲರ್ ಮೇಲೆ. ಏನೂ ಆಗಲ್ಲ.

ತೂಗುಗುಂಡು

ಬಸವರಾಜ್ ಅವರೇ, ಕಟ್ಟಡ ಬೀಳಲ್ಲ ಅನ್ನುವುದು ನಿಜ. ಆದರೆ ಏನೂ ಆಗಲ್ಲ ಅನ್ನುವುದು ನಿಜವಲ್ಲ.

ಗೋಡೆ ಕೊರೆಯಲು ಒಂದು ಅಂದಾಜು ನಿಯಮ ಇದೆ. ನಿಂತ ಕೊರೆತ ಗೋಡೆಯ ದಪ್ಪದ ಮೂರರಲ್ಲೊಂದು ದಾಟಬಾರದು, ಅಡ್ಡ ಕೊರೆತ ಆರರಲ್ಲೊಂದು ದಾಟಬಾರದು. 100 ಮಿ.ಮೀ. ಗೋಡೆಗೆ ನಿಂತದ್ದು 33, ಅಡ್ಡದ್ದು 16. 16ರ ಆಳದಲ್ಲಿ 20 ಮಿ.ಮೀ. ಪೈಪೇ ಕೂರಲ್ಲ, ಅಂದರೆ ಇಂಥ ಗೋಡೆಯಲ್ಲಿ ಪೈಪನ್ನು ಅಡ್ಡಡ್ಡಕ್ಕೆ ಓಡಿಸಲೇಬಾರದು, ಮೇಲಿನ ಸ್ಲ್ಯಾಬಿನಿಂದ ನೇರ ಕೆಳಗಿಳಿಸಬೇಕು. ಈ ನಿಯಮ ಮೂಲತಃ ಭಾರ ಹೊರುವ ಗೋಡೆಗೆ ಹೇಳಿದ್ದು. ಪಿಲ್ಲರ್ ಕಟ್ಟಡದ ಅಡ್ಡಗೋಡೆಗೆ ಇದನ್ನು ಅಷ್ಟೇ ಕಟ್ಟುನಿಟ್ಟಾಗಿ ಹಿಡಿಯಬೇಕೇ ಅಂತ ಸೈಟುಗಳಲ್ಲಿ ವಾದ ನಡೆಯುತ್ತಲೇ ಇರುತ್ತೆ. ಆದರೆ 35 ಅಂದರೆ ಮಿತಿಯ ಎರಡರಷ್ಟಕ್ಕಿಂತ ಹೆಚ್ಚು. 1.8 ಮೀಟರ್ ಉದ್ದಕ್ಕೂ ಗೋಡೆ 65 ಮಿ.ಮೀ. ಉಳಿದಿದೆ. ಬಾಗಿಲು ಬಡಿದಾಗೆಲ್ಲ ಗೋಡೆ ಅದುರುತ್ತೆ, ಆ ಗೆರೆಯಲ್ಲೇ ಬಿರುಕು ಬಿಡುತ್ತೆ. ಉಳಿ ಸುತ್ತಿಗೆಯಲ್ಲಿ ಕೊರೆದಿದ್ದರೆ ಸುತ್ತಲಿನ ಸಂದಿಗಳೂ ಸಡಿಲವಾಗಿರುತ್ತವೆ. ಬ್ಲಾಕನ್ನು ಅಂಗೈಯಲ್ಲಿ ತಳ್ಳಿ ನೋಡಿದರೆ ಗೊತ್ತಾಗುತ್ತೆ.

ಸ್ವಿಚ್ ಬಾಕ್ಸ್ ಬೆನ್ನಿಗೆ ಬೆನ್ನು ಇರುವುದನ್ನು ಮಾತ್ರ ಒಪ್ಪಬೇಡಿ. ಒಂದನ್ನು ಕನಿಷ್ಠ ಒಂದು ಬ್ಲಾಕಿನಷ್ಟು ಪಕ್ಕಕ್ಕೆ ಸರಿಸಲಿ. ತೂತನ್ನು ಬ್ಲಾಕಿನಿಂದ ಕಟ್ಟಿ ಮುಚ್ಚಲಿ, ಗಾರೆ ತುರುಕಿ ಅಲ್ಲ.

ಅಡ್ಡ ಕೊರೆತಕ್ಕೆ: ಪೈಪು ತೆಗೆದು ಮೇಲಿನಿಂದ ಇಳಿಸುವುದು ಉತ್ತಮ. ಅದಕ್ಕೆ ಒಪ್ಪದಿದ್ದರೆ, ಕೊರೆತವನ್ನು ಗಾರೆಗೂ ಮುಂಚೆಯೇ ಕಲಸಿನಿಂದ ತುಂಬಿ ಗಟ್ಟಿಯಾಗಲು ಬಿಡಬೇಕು, ಆಮೇಲೆ ಜಾಲರಿ ಹೊಡೆದು ಗಾರೆ. ಗಾರೆ ಬಳಿಯುವಾಗಲೇ ಒಟ್ಟಿಗೆ ತುಂಬಿದರೆ ಅಲ್ಲಿ ಗಾರೆ 50 ಮಿ.ಮೀ. ದಪ್ಪವಾಗಿ, ಪೈಪಿನ ಉದ್ದಕ್ಕೂ ಗೆರೆ ಮೂಡುತ್ತೆ.

74ರ ಗೋಡೆ: 24 ಮಿ.ಮೀ. ಓರೆ. ಬುಡ ಹಿಂದಕ್ಕಿದೆ, ಅಂದರೆ ತಲೆ ನಿಮ್ಮ ಕಡೆಗೆ ವಾಲಿದೆ. ಮೇಲೆ 12 ಮಿ.ಮೀ. ಗಾರೆ ಹಾಕಿದರೆ ಬುಡದಲ್ಲಿ 36 ಆಗುತ್ತೆ. ನನ್ನ ಮಟ್ಟಿಗೆ ಇದು ಬಿಚ್ಚಿ ಕಟ್ಟಬೇಕಾದ ಗೋಡೆ. ಅವರು ಎರಡು ಪದರದಲ್ಲಿ ಜಾಲರಿ ಹಾಕಿ ಗಾರೆ ಮಾಡಿಕೊಡ್ತೀವಿ ಅಂದರೆ, ಮೊದಲ ಪದರಕ್ಕೂ ಎರಡನೇ ಪದರಕ್ಕೂ ನಡುವೆ ಎಷ್ಟು ದಿನ ಬಿಡ್ತಾರೆ ಅಂತ ಬರೆಸಿಕೊಳ್ಳಿ. ಮೊದಲನೆಯದು ಗಟ್ಟಿಯಾಗಿರಬೇಕು, ಅದರ ಮೈ ಗೀರಿ ಒರಟು ಮಾಡಿರಬೇಕು, ಇಲ್ಲದಿದ್ದರೆ ಎರಡನೆಯದು ಹಿಡಿಯಲ್ಲ.

ಸುಧಾ_ಎಚ್

ಈ ಮೂರಕ್ಕೂ ಫೋಟೋ ಇದೆ. ಕಂತು ಕಟ್ಟಲೋ, ತಡೆಯಲೋ?

ಲತಾ ಶ್ರೀಧರ್

ನನ್ನ ಅಭಿಪ್ರಾಯ, ಹಂತ ನಿಜವಾಗಿ ಮುಗಿದಿದ್ದರೆ ಕಟ್ಟಿ, ಆದರೆ ಕಟ್ಟುವ ದಿನವೇ ದೂರನ್ನು ಲಿಖಿತವಾಗಿ ಕಳಿಸಿ. ತಡ ಮಾಡಿದರೆ ಬಡ್ಡಿ ನಿಮ್ಮ ತಲೆಗೆ ಬರುತ್ತೆ, ಜಗಳದಲ್ಲಿ ನಿಮ್ಮದೇ ತಪ್ಪು ಅಂತ ತೋರಿಸೋಕೆ ಅವರಿಗೆ ದಾರಿ ಆಗುತ್ತೆ. ಬರೆಯುವಾಗ "ಗೋಡೆ ಸರಿ ಇಲ್ಲ" ಅನ್ನಬೇಡಿ. "ಮಲಗುವ ಕೋಣೆ, ಕಿಟಕಿಯ ಎಡಗಡೆ ಗೋಡೆ, ಮೇಲೆ 50, ಬುಡದಲ್ಲಿ 74 ಮಿ.ಮೀ., ಇಂಥ ದಿನ ನಿಮ್ಮ ಎಂಜಿನಿಯರ್ ಎದುರು ಅಳೆದದ್ದು, ಗಾರೆಗೆ ಮುಂಚೆ ಸರಿಪಡಿಸಿ ತಿಳಿಸಿ" ಅಂತ ಬರೆಯಿರಿ.

ತೂಗುಗುಂಡು

ಇಲ್ಲಿ ನಾನು ಲತಾ ಅವರನ್ನು ಪೂರ್ತಿ ಒಪ್ಪಲ್ಲ. ದುಡ್ಡು ಬಂದ ಮರುದಿನ ಗಾರೆಯವರು ಆ ಕೋಣೆಗೆ ಇಳಿದರೆ ದೂರಿಗೆ ಅರ್ಥವಿರಲ್ಲ. ಕೊನೇ ದಿನಾಂಕಕ್ಕೆ ಇನ್ನೂ ದಿನ ಇದ್ದರೆ ದೂರನ್ನು ಇವತ್ತೇ ಕಳಿಸಿ, ದುಡ್ಡನ್ನು ಕೊನೇ ದಿನ ಕಟ್ಟಿ. ಆ ನಡುವೆ ಆ ಗೋಡೆಗೆ ಗಾರೆ ಹಾಕಬೇಡಿ ಅಂತ ಕೇಳಿ. ಗೋಡೆ ಬಿಚ್ಚಿ ಕಟ್ಟುವುದಕ್ಕೆ ಕೆಲವೇ ದಿನ ಸಾಕು.

ಲತಾ ಶ್ರೀಧರ್

ಕೊನೇ ದಿನದವರೆಗೆ ಕಾಯುವುದಕ್ಕೆ ನನ್ನದೂ ತಕರಾರಿಲ್ಲ. ಆ ದಿನವೂ ಸರಿಪಡಿಸದೇ ಇದ್ದರೆ ಏನು ಅನ್ನುವುದಕ್ಕೆ ಒಪ್ಪಂದ ಓದದೆ ಇಲ್ಲಿ ಯಾರೂ ಉತ್ತರ ಹೇಳಲಾಗದು.

ನೀರುಗಂಟಿ

ಸುಧಾ ಅವರೇ, ಪತ್ರ ಬರೆಯುವಾಗ ಇನ್ನೊಂದು ಸಾಲು ಸೇರಿಸಿ. ನಿಮ್ಮ ಬಾತ್‌ರೂಮಿನ ಪರೀಕ್ಷೆಯ ದಿನ ಮಾತ್ರ ಅಲ್ಲ, 8ನೇ ಮಹಡಿಯಲ್ಲಿ ನಿಮ್ಮ ನೆತ್ತಿಯ ಮೇಲಿರುವ ಫ್ಲ್ಯಾಟಿನ ಪರೀಕ್ಷೆಯ ದಿನವೂ ಕೇಳಿ. ಅವರ ಬಾತ್‌ರೂಮು ಸೋರಿದರೆ ಅದು ಇಳಿಯುವುದು ನಿಮ್ಮ ಚಾವಣಿಗೆ. ಅವರು ನೀರು ನಿಲ್ಲಿಸಿದ ಎರಡನೇ ದಿನ ನಿಮ್ಮ ಬಾತ್‌ರೂಮಿಗೆ ಹೋಗಿ, ಟಾರ್ಚ್ ಮೇಲಕ್ಕೆ ಹಿಡಿದು ಪ್ರತಿ ಪೈಪಿನ ಸುತ್ತ ಒಣ ಟಿಶ್ಯೂ ಕಾಗದ ಒತ್ತಿ ನೋಡಿ. ಕಣ್ಣಿಗೆ ಕಾಣದ ಪಸೆ ಕಾಗದಕ್ಕೆ ಹತ್ತುತ್ತೆ. ಅಲ್ಲಿ ಫಾಲ್ಸ್ ಸೀಲಿಂಗ್ ಬಂದಮೇಲೆ ಅದನ್ನೂ ನೋಡಲಾಗುವುದಿಲ್ಲ.